ಲಿವರ್ ಮಂಕು ಬಂದವರಿಗೆ ಬೇಳೆ ಬಿಡಿಸಬೇಡಿ: ಹೆಪಾಟಿಕ್ ಎನ್‌ಸೆಫಲೋಪತಿಯಲ್ಲಿ ಪ್ರೋಟೀನ್ ಯೋಜನೆ ಬರೆಯುವ ಕ್ರಮ

ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್ ಇರುವವರು ಇದ್ದಕ್ಕಿದ್ದಂತೆ ಒಂದು ದಿನ ಮಂಕಾಗುತ್ತಾರೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಹೇಳಿದ್ದನ್ನೇ ಹೇಳುತ್ತಾರೆ. ಅಂಗಿ ಗುಂಡಿ ಹಾಕಿಕೊಳ್ಳಲು ತಡಕಾಡುತ್ತಾರೆ. ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದರೆ ಮಣಿಕಟ್ಟು ಪಟಪಟನೆ ಕುಸಿದು ಕುಸಿದು ಏಳುತ್ತದೆ. ಇದಕ್ಕೆ ಹೆಪಾಟಿಕ್ ಎನ್‌ಸೆಫಲೋಪತಿ ಅಂತ ಹೆಸರು. ವಾರ್ಡಿನಲ್ಲಿ ಎಲ್ಲರೂ ಎಚ್‌ಇ ಅಂತಲೇ ಕರೆಯುತ್ತಾರೆ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಾಲ್ಕಾರು ದಿನ ಆಸ್ಪತ್ರೆಯಲ್ಲಿದ್ದು ಸರಿಹೋಗಿ ಮನೆಗೆ ಹೊರಡುವಾಗ ಚೀಟಿಯಲ್ಲಿ ಇಂದಿಗೂ ಎಷ್ಟೋ ಕಡೆ ಒಂದು ಸಾಲು ಇರುತ್ತದೆ: "ಬೇಳೆ, ಹಾಲು, ಮೊಟ್ಟೆ, ಮಾಂಸ ಬೇಡ." ಚೀಟಿಯಲ್ಲಿ ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಸೇರಿಸುತ್ತಾರೆ. ಕಾಮಾಲೆ ಅಂದರೆ ಪಥ್ಯ, ಪಥ್ಯ ಅಂದರೆ ಗಂಜಿ, ಎಳನೀರು, ಉಪ್ಪಿಲ್ಲದ ಅನ್ನ. ಎರಡು ತಿಂಗಳಲ್ಲಿ ತೋಳು ಕಡ್ಡಿಯಾಗುತ್ತದೆ. ಮಂಕು ಮತ್ತೆ ಬರುತ್ತದೆ. ಆಗ ಗಂಜಿ ಇನ್ನಷ್ಟು ತೆಳ್ಳಗಾಗುತ್ತದೆ.

ಈ ಬರಹ ಆ ಸಾಲನ್ನು ಹೊಡೆದುಹಾಕಿ ಅದರ ಜಾಗದಲ್ಲಿ ಏನು ಬರೆಯಬೇಕು ಅನ್ನುವುದರ ಬಗ್ಗೆ. ಡಯಟೀಶಿಯನ್ ಕೆಲಸ ಹೊಸದಾಗಿ ಶುರು ಮಾಡಿದವರಿಗೂ, ಮನೆಯಲ್ಲಿ ಇಂಥ ರೋಗಿಯನ್ನು ನೋಡಿಕೊಳ್ಳುವವರಿಗೂ ಬರೆದಿದ್ದೇನೆ. ಮನೆಯವರು ತಮ್ಮ ಲೆಕ್ಕವನ್ನು ಜಾರಿಗೆ ತರುವ ಮುಂಚೆ ಲಿವರ್ ಡಾಕ್ಟರಿಗೆ ಒಮ್ಮೆ ತೋರಿಸಿಕೊಳ್ಳಿ. ಇದು ದೊಡ್ಡವರ ಸಿರೋಸಿಸ್‌ಗೆ ಮಾತ್ರ. ಮಕ್ಕಳಲ್ಲಿ ಹುಟ್ಟಿನಿಂದ ಬರುವ ಯೂರಿಯಾ ಸೈಕಲ್ ತೊಂದರೆಯ ಲೆಕ್ಕವೇ ಬೇರೆ, ಅಲ್ಲಿ ಪ್ರೋಟೀನ್ ನಿಜವಾಗಿಯೂ ಅಳೆದು ಕಡಿಮೆ ಮಾಡುತ್ತಾರೆ.

## ಬಿಡಿಸುವ ಪದ್ಧತಿ ಎಲ್ಲಿಂದ ಬಂತು

1893ರಲ್ಲಿ ರಷ್ಯಾದಲ್ಲಿ ಪಾವ್ಲೋವ್ ಮತ್ತು ಜೊತೆಗಾರರು ನಾಯಿಗಳ ಕರುಳಿನ ರಕ್ತ ಲಿವರಿಗೆ ಹೋಗದೆ ನೇರವಾಗಿ ದೊಡ್ಡ ರಕ್ತನಾಳ ಸೇರುವಂತೆ ಶಸ್ತ್ರಚಿಕಿತ್ಸೆ ಮಾಡಿದರು. ಆ ನಾಯಿಗಳಿಗೆ ಮಾಂಸ ಹಾಕಿದರೆ ಮಂಕಾಗುತ್ತಿದ್ದವು, ತೂರಾಡುತ್ತಿದ್ದವು. 1950ರ ದಶಕದ ಆರಂಭದಲ್ಲಿ ಅಮೆರಿಕ ಮತ್ತು ಲಂಡನ್ನಿನ ವೈದ್ಯರು ಸಿರೋಸಿಸ್ ರೋಗಿಗಳಲ್ಲೂ ಸಾರಜನಕ ಇರುವ ಪದಾರ್ಥ ಕೊಟ್ಟಾಗ ಇಂಥದ್ದೇ ಲಕ್ಷಣ ಕಂಡರು. ಪ್ರೋಟೀನ್ ಒಡೆದರೆ ಅಮೋನಿಯಾ, ಅಮೋನಿಯಾ ಮಿದುಳಿಗೆ ವಿಷ, ಹಾಗಾಗಿ ಪ್ರೋಟೀನ್ ನಿಲ್ಲಿಸಿ. ಕೇಳಿದರೆ ಸರಿಯಾಗೇ ಇದೆ, ಅಲ್ವಾ? ಮೊದಲು ಸೊನ್ನೆ, ಆಮೇಲೆ ದಿನಕ್ಕೆ 20 ಗ್ರಾಂ, ಕೆಲವು ದಿನಕ್ಕೊಮ್ಮೆ 10 ಗ್ರಾಂ ಏರಿಸುತ್ತಾ ಹೋಗಿ ಅನ್ನುವ ಸೂತ್ರ ಪಠ್ಯಪುಸ್ತಕ ಸೇರಿತು.

ಆದರೆ ಆ ರೋಗಿಗಳಿಗೆ ಪ್ರೋಟೀನ್ ನಿಲ್ಲಿಸುವ ಜೊತೆಗೆ ಹೊಟ್ಟೆ ಖಾಲಿ ಮಾಡಿಸುತ್ತಿದ್ದರು, ಆಂಟಿಬಯೋಟಿಕ್ ಕೊಡುತ್ತಿದ್ದರು, ರಕ್ತಸ್ರಾವ ನಿಲ್ಲಿಸುತ್ತಿದ್ದರು. ಮಂಕು ಇಳಿದಾಗ ಯಾವುದರಿಂದ ಇಳಿಯಿತು ಅಂತ ಬೇರ್ಪಡಿಸಿ ನೋಡಲಿಲ್ಲ. ನೋಡಿದ್ದು ಐವತ್ತು ವರ್ಷದ ಮೇಲೆ. 2004ರಲ್ಲಿ ಬಾರ್ಸಿಲೋನಾದ ವೈದ್ಯರು 30 ಎಚ್‌ಇ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಮೂರು ದಿನ ಸೊನ್ನೆ ಪ್ರೋಟೀನ್, ಆಮೇಲೆ ನಿಧಾನವಾಗಿ ಏರಿಕೆ. ಇನ್ನೊಂದಕ್ಕೆ ಮೊದಲ ದಿನದಿಂದಲೇ ಕೆಜಿ ತೂಕಕ್ಕೆ 1.2 ಗ್ರಾಂ. ಮಂಕು ಇಳಿಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರೋಟೀನ್ ನಿಲ್ಲಿಸಿದವರ ಮೈಯೊಳಗಿನ ಪ್ರೋಟೀನ್ ಮಾತ್ರ ಜಾಸ್ತಿ ಒಡೆಯಿತು, ಅಂದರೆ ಅವರು ತಮ್ಮ ಸ್ನಾಯುವನ್ನೇ ತಿಂದುಕೊಂಡರು.

ನಮಗೆ ಹೆಚ್ಚು ಹತ್ತಿರದ ಪುರಾವೆ ದೆಹಲಿಯದು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊರಗೆ ಕಾಣದಷ್ಟು ಸಣ್ಣ ಮಟ್ಟದ ಎಚ್‌ಇ ಇದ್ದ 120 ಜನರಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಸರಿಯಾಗಿ ಲೆಕ್ಕ ಹಾಕಿದ ಊಟ ಕೊಟ್ಟರು. ಕೆಜಿಗೆ 1.0ರಿಂದ 1.5 ಗ್ರಾಂ ಪ್ರೋಟೀನ್, ಅದೂ ಸಸ್ಯಮೂಲದ್ದು. ಊಟದ ಗುಂಪಿನಲ್ಲಿ ನೂರಕ್ಕೆ ಸುಮಾರು 71 ಮಂದಿಯ ತೊಂದರೆ ವಾಸಿಯಾಯಿತು, ಇನ್ನೊಂದರಲ್ಲಿ ಸುಮಾರು 23. ಬೇಳೆ ತಿಂದವರ ತಲೆ ಮಂಕಾಗಲಿಲ್ಲ, ತಿಳಿಯಾಯಿತು.

ಕಾರಣ ಸ್ನಾಯುವಿನಲ್ಲಿದೆ. ಲಿವರ್ ಕೈಬಿಟ್ಟಾಗ ರಕ್ತದ ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಆಗಿ ಮಾಡಿ ಕಟ್ಟಿಹಾಕುವ ಕೆಲಸ ಬಹುಪಾಲು ಸ್ನಾಯುವಿನ ಮೇಲೆ ಬೀಳುತ್ತದೆ. ಸ್ನಾಯು ಕರಗಿದರೆ ಎರಡು ಕಡೆಯಿಂದ ಏಟು: ಕರಗುವಾಗ ಅದೇ ಅಮೋನಿಯಾ ಬಿಡುಗಡೆ ಮಾಡುತ್ತದೆ, ಕರಗಿದ ಮೇಲೆ ಅಮೋನಿಯಾ ಹಿಡಿಯುವವರು ಕಡಿಮೆಯಾಗುತ್ತಾರೆ. ಹಾಗಾಗಿ ಎಚ್‌ಇ ರೋಗಿಯ ತೊಡೆ ಮತ್ತು ತೋಳು ಉಳಿಸುವುದು ಬಲ ಬರಲಿ ಅಂತ ಮಾತ್ರ ಅಲ್ಲ, ಅದು ಚಿಕಿತ್ಸೆಯ ಭಾಗ. 2013ರಿಂದೀಚೆಗೆ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿಗಳೆಲ್ಲ ಹೇಳುವುದು ಒಂದೇ: ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ, ಎಚ್‌ಇ ಇದೆ ಅಂತ ಕಡಿಮೆ ಮಾಡಬೇಡಿ.

## ಹೆಜ್ಜೆ 1: ಮೊದಲು ಅಪರಾಧಿಯನ್ನು ಹುಡುಕಿ

"ನಿನ್ನೆ ಮದುವೆ ಮನೇಲಿ ಊಟ ಮಾಡಿದ್ರು ಮೇಡಂ, ಅದಕ್ಕೇ ಹಿಂಗಾಯ್ತು" ಅಂತ ಹೇಳುತ್ತಾರೆ. ಕೇಳಿಸಿಕೊಳ್ಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮಂಕು ಏರಲು ಸಾಮಾನ್ಯ ಕಾರಣಗಳು ಬೇರೆ ಇವೆ: ಎರಡು ದಿನ ಮಲ ಹೋಗದಿರುವುದು, ಹೊಟ್ಟೆಯಲ್ಲಿ ತುಂಬಿಕೊಂಡ ನೀರಿನಲ್ಲಿ ಅಥವಾ ಬೇರೆಲ್ಲಾದರೂ ಸೋಂಕು, ಅನ್ನನಾಳ ಅಥವಾ ಹೊಟ್ಟೆಯೊಳಗೆ ರಕ್ತಸ್ರಾವ, ನೀರು ಇಳಿಸುವ ಮಾತ್ರೆ ಜಾಸ್ತಿಯಾಗಿ ಸೋಡಿಯಂ ಪೊಟ್ಯಾಸಿಯಂ ಇಳಿಯುವುದು, ವಾಂತಿ ಭೇದಿಯಿಂದ ಮೈ ಒಣಗುವುದು. ಇನ್ನೊಂದು ನಿದ್ದೆ ಮಾತ್ರೆ. ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುವುದೇ ಎಚ್‌ಇ ಲಕ್ಷಣ. ಅದಕ್ಕೆ ಅಂತ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಟ್ಟರೆ ಬೆಳಗ್ಗೆ ರೋಗಿ ಏಳುವುದೇ ಇಲ್ಲ.

ಕಾರಣ ಸಿಕ್ಕಿ ಅದಕ್ಕೆ ಚಿಕಿತ್ಸೆ ಆಗುವ ತನಕ ಊಟದ ಮೇಲೆ ಆರೋಪ ಹೊರಿಸುವಂತಿಲ್ಲ.

ಇಲ್ಲಿ ಚುರುಕಿನ ಓದುಗರು ಒಂದು ಪ್ರಶ್ನೆ ಕೇಳಬಹುದು. ಹೊಟ್ಟೆಯೊಳಗೆ ರಕ್ತ ಸೋರಿದರೆ ಎಚ್‌ಇ ಬರುತ್ತದೆ, ರಕ್ತವೂ ಪ್ರೋಟೀನೇ ತಾನೆ? ಹೌದು. ಆದರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಐಸೋಲ್ಯೂಸಿನ್ ಅನ್ನುವ ಅಮೈನೋ ಆಮ್ಲವೇ ಇಲ್ಲ. ಒಂದು ಅಗತ್ಯ ಅಮೈನೋ ಆಮ್ಲ ಕೈಕೊಟ್ಟರೆ ಮೈಗೆ ಉಳಿದವನ್ನು ಬಳಸಿ ಹೊಸ ಪ್ರೋಟೀನ್ ಕಟ್ಟಲು ಆಗುವುದಿಲ್ಲ, ಎಲ್ಲ ಒಡೆದು ಅಮೋನಿಯಾ ಕಡೆಗೇ ಹೋಗುತ್ತದೆ. ಅನ್ನ, ಬೇಳೆ, ಮೊಸರಿನ ಊಟ ಹಾಗಲ್ಲ. ಟಾರಿನಂತೆ ಕಪ್ಪಗೆ ಅಂಟಂಟಾದ ಮಲ ಕಂಡರೆ ಊಟದ ಚೀಟಿ ಪಕ್ಕಕ್ಕಿಟ್ಟು ತುರ್ತು ವಿಭಾಗಕ್ಕೆ ಓಡಿ.

## ಹೆಜ್ಜೆ 2: ನುಂಗಲು ಆಗುತ್ತದಾ ನೋಡಿ

ಮಾತನಾಡಿಸಿದರೆ ಕಣ್ಣು ಬಿಟ್ಟು ಉತ್ತರ ಕೊಡುವವರು, ಸ್ವಲ್ಪ ಗೊಂದಲ ಇದ್ದರೂ, ಎದ್ದು ಕೂತು ತಿನ್ನಬಹುದು. ಒಂದು ಚಮಚ ನೀರು ಕೊಟ್ಟು ಕೆಮ್ಮು ಬರುವುದಿಲ್ಲ ಅಂತ ಖಾತರಿ ಮಾಡಿಕೊಂಡು, ಪಕ್ಕದಲ್ಲೇ ಕೂತು ತಿನ್ನಿಸಬೇಕು. ಅಲುಗಾಡಿಸಿದರೂ ಸರಿಯಾಗಿ ಎಚ್ಚರವಾಗದವರ ಬಾಯಿಗೆ ಏನೂ ಹಾಕಬೇಡಿ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ ಮೂಗಿನಿಂದ ರೈಲ್ಸ್ ಟ್ಯೂಬ್ ಹಾಕಿ ಉಣಿಸುತ್ತಾರೆ. ಅನ್ನನಾಳದ ರಕ್ತನಾಳ ಉಬ್ಬಿದೆ ಅನ್ನುವ ಒಂದೇ ಕಾರಣಕ್ಕೆ ಟ್ಯೂಬ್ ಹಾಕಬಾರದು ಅಂತಿಲ್ಲ. ಈಗಷ್ಟೇ ರಕ್ತ ಸೋರಿದ್ದರೆ ಕೆಲವು ದಿನ ಕಾಯುವುದುಂಟು, ಅದು ಡಾಕ್ಟರ ತೀರ್ಮಾನ.

ಮಂಕು ಪೂರ್ತಿ ಇಳಿಯಲಿ, ಆಮೇಲೆ ಊಟ ಶುರು ಮಾಡೋಣ ಅಂತ ಕಾಯುವುದೇ ಹಳೆಯ ತಪ್ಪಿನ ಹೊಸ ರೂಪ. ಪ್ರೋಟೀನನ್ನು ಒಂದೆರಡು ದಿನ ಮುಂದೂಡುವ ಸಂದರ್ಭ ಒಂದಿದೆ. ಹಿಂದೆ ಚೆನ್ನಾಗಿದ್ದ ಲಿವರ್ ಕೆಲವೇ ದಿನದಲ್ಲಿ ಪೂರ್ತಿ ಕುಸಿದು ಅಮೋನಿಯಾ ತುಂಬಾ ಏರಿದ್ದಾಗ, ಐಸಿಯುನಲ್ಲಿ 24ರಿಂದ 48 ಗಂಟೆ ತಡೆಹಿಡಿಯುತ್ತಾರೆ. ಅದು ಸಿರೋಸಿಸ್ ರೋಗಿಯ ಕಥೆ ಅಲ್ಲ. ಎರಡನ್ನೂ ಬೆರೆಸುವುದರಿಂದಲೇ ಎಷ್ಟೋ ಗೊಂದಲ ಹುಟ್ಟುತ್ತದೆ.

## ಹೆಜ್ಜೆ 3: ನಿಜವಾದ ತೂಕ ಕಂಡುಹಿಡಿಯಿರಿ

ಈಗ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಮಾಡೋಣ. 54 ವರ್ಷದ ಗಂಡಸು, ಎತ್ತರ 165 ಸೆಂಟಿಮೀಟರ್, ತುಮಕೂರು ಕಡೆಯ ಮುದ್ದೆ ಊಟದವರು, ಮಾಂಸ ಮೊಟ್ಟೆ ತಿನ್ನುವುದಿಲ್ಲ. ಕುಡಿತದಿಂದ ಸಿರೋಸಿಸ್, ಈಗ ಬಿಟ್ಟಿದ್ದಾರೆ. ಹಿಂದಿನ ಸಲ ಆಸ್ಪತ್ರೆಯಿಂದ ಹೋದ ಮೇಲೆ ಆರು ವಾರ ಗಂಜಿ ಮತ್ತು ಮಜ್ಜಿಗೆ. ಈ ಸಲ ಮಲಬದ್ಧತೆಯಿಂದ ಮಂಕು ಬಂದಿದೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟ ಮೇಲೆ ಎದ್ದು ಕೂತಿದ್ದಾರೆ.

ತಕ್ಕಡಿ 66 ಕೆಜಿ ತೋರಿಸುತ್ತದೆ. ಎತ್ತರಕ್ಕೆ ಹೋಲಿಸಿದರೆ ಚೆನ್ನಾಗೇ ಇದ್ದಾರೆ ಅನಿಸುತ್ತದೆ. ಆದರೆ ಹೊಟ್ಟೆಯಲ್ಲಿ ನೀರಿದೆ, ಎರಡೂ ಕಾಲು ಊದಿವೆ. ನೀರಿನ ತೂಕ ಕಳೆಯುವ ರೂಢಿಯ ಲೆಕ್ಕ ಹೀಗಿದೆ: ಹೊಟ್ಟೆ ನೀರು ಕಡಿಮೆ ಇದ್ದರೆ ನೂರಕ್ಕೆ 5, ಮಧ್ಯಮ ಇದ್ದರೆ 10, ತುಂಬಾ ಇದ್ದರೆ 15 ಕಳೆಯಿರಿ. ಎರಡೂ ಕಾಲು ಊದಿದ್ದರೆ ಇನ್ನೊಂದು 5. ಇವರದು ಮಧ್ಯಮ ನೀರು ಮತ್ತು ಕಾಲೂತ, ಒಟ್ಟು 15. 66ರಲ್ಲಿ ಅಷ್ಟು ಕಳೆದರೆ 56 ಕೆಜಿ.

ಹತ್ತು ಕೆಜಿ ನೀರು! ಇದೇ ನೀರು ಕರಗಿದ ಸ್ನಾಯುವನ್ನು ಮುಚ್ಚಿಡುತ್ತದೆ. ಅದಕ್ಕೇ ತಕ್ಕಡಿಯ ಜೊತೆಗೆ ಟೈಲರ್ ಟೇಪ್ ಇಟ್ಟುಕೊಳ್ಳಿ. ಭುಜದ ಮೂಳೆ ತುದಿಗೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ಬರೆದಿಡಿ. ತೋಳಿಗೆ ಸಾಮಾನ್ಯವಾಗಿ ನೀರು ಬರುವುದಿಲ್ಲ, ಹಾಗಾಗಿ ಅದು ನಿಜ ಹೇಳುತ್ತದೆ.

ರೋಗಿ ತುಂಬಾ ದಪ್ಪ ಇದ್ದರೆ ಇರುವ ತೂಕ ಬಿಟ್ಟು ಎತ್ತರಕ್ಕೆ ತಕ್ಕ ತೂಕದಿಂದ ಲೆಕ್ಕ ಹಾಕಬೇಕು. ಅವರಿಗೂ ಪ್ರೋಟೀನ್ ಇಳಿಸುವುದಿಲ್ಲ, ಕ್ಯಾಲೊರಿ ಮಾತ್ರ ಸ್ವಲ್ಪ ಇಳಿಸುತ್ತಾರೆ.

## ಹೆಜ್ಜೆ 4: ಎರಡು ಸಂಖ್ಯೆ ಬರೆಯಿರಿ

ಪ್ರೋಟೀನ್: 56ನ್ನು 1.2ರಿಂದ ಗುಣಿಸಿದರೆ 67 ಗ್ರಾಂ, 1.5ರಿಂದ ಗುಣಿಸಿದರೆ 84. ನಾನು ನಡುವಿನ 73ರ ಆಸುಪಾಸು ಇಟ್ಟುಕೊಳ್ಳುತ್ತೇನೆ. 84 ಅಂತ ಬರೆದು 50 ತಿನ್ನುವುದಕ್ಕಿಂತ 73 ಬರೆದು 70 ತಿನ್ನುವುದು ಮೇಲು.

ಕ್ಯಾಲೊರಿ: ಕೆಜಿಗೆ ಕನಿಷ್ಠ 35, ಅಂದರೆ ದಿನಕ್ಕೆ ಸುಮಾರು 1960. ಈ ಎರಡನೇ ಸಂಖ್ಯೆಯನ್ನು ಬಿಟ್ಟುಬಿಡುವವರು ಜಾಸ್ತಿ. ಅನ್ನ, ಮುದ್ದೆ, ಎಣ್ಣೆ ಸಾಲದೆ ಹೋದರೆ ಮೈ ತಿಂದ ಬೇಳೆಯನ್ನೇ ಸೌದೆಯಂತೆ ಉರಿಸುತ್ತದೆ. ಆಗ ಸ್ನಾಯುವಿಗೆ ಏನೂ ಸಿಗುವುದಿಲ್ಲ, ಅಮೋನಿಯಾ ಮಾತ್ರ ಸಿಗುತ್ತದೆ. "ಲಿವರಿಗೆ ಎಣ್ಣೆ ಆಗಲ್ಲ" ಅಂತ ಒಗ್ಗರಣೆಯನ್ನೂ ನಿಲ್ಲಿಸಿದ ಮನೆಗಳಲ್ಲಿ ಆಗುವುದು ಇದೇ.

ಈ ರೋಗಿಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಆರು ವಾರ ಅರೆಹೊಟ್ಟೆ ಇದ್ದವರಿಗೆ, ಅದರಲ್ಲೂ ಕುಡಿಯುತ್ತಿದ್ದವರಿಗೆ, ಮೊದಲ ದಿನವೇ ಪೂರ್ತಿ ಕ್ಯಾಲೊರಿ ತುಂಬಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರ್ ಕುಸಿದು ಹೃದಯಕ್ಕೆ ಅಪಾಯ. ಮೊದಲು ಥಯಮಿನ್ ಅಂದರೆ ಬಿ1 ವಿಟಮಿನ್ ಇಂಜೆಕ್ಷನ್, ರಕ್ತ ಪರೀಕ್ಷೆ, ಆಮೇಲೆ ಅರ್ಧ ಊಟದಿಂದ ಶುರು ಮಾಡಿ ನಾಲ್ಕೈದು ದಿನದಲ್ಲಿ ಪೂರ್ತಿಗೆ ತರುವುದು. ಇದು ವಾರ್ಡಿನಲ್ಲಿ ಆಗಬೇಕಾದ ಕೆಲಸ. ನಿಧಾನ ಮಾಡುವುದು ಹಸಿದ ಮೈಗಾಗಿ, ಎಚ್‌ಇಗಾಗಿ ಅಲ್ಲ. ಪ್ರೋಟೀನನ್ನು ಸೊನ್ನೆಯಿಂದ ಶುರು ಮಾಡುವ ಮಾತೇ ಇಲ್ಲ.

## ಹೆಜ್ಜೆ 5: ದಿನದ ಊಟ ಬರೆಯಿರಿ

ಆರೋಗ್ಯವಂತರು ಎರಡು ಮೂರು ದಿನ ಉಪವಾಸ ಇದ್ದರೆ ಮೈಯಲ್ಲಿ ಏನಾಗುತ್ತದೋ, ಸಿರೋಸಿಸ್ ಇರುವವರಿಗೆ ಅದು ಒಂದೇ ರಾತ್ರಿಯಲ್ಲಿ ಆಗುತ್ತದೆ. ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ, ಹಾಗಾಗಿ ನಡುರಾತ್ರಿಯ ಹೊತ್ತಿಗೇ ಸ್ನಾಯು ಒಡೆಯಲು ಶುರುವಾಗುತ್ತದೆ. ಅದಕ್ಕೇ ಯೋಜನೆಯನ್ನು ನಾನು ರಾತ್ರಿ ಹತ್ತು ಗಂಟೆಯಿಂದ ಹಿಂದಕ್ಕೆ ಬರೆಯುತ್ತೇನೆ. ಮಲಗುವ ಮುಂಚಿನ ತಿಂಡಿ ಮೊದಲು, ಉಳಿದದ್ದು ಆಮೇಲೆ. ಹಗಲಲ್ಲಿಯೂ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡುವುದಿಲ್ಲ.

ನಮ್ಮ ರೋಗಿಯ ಚೀಟಿ ಹೀಗೆ ಬಂತು. ತೂಕವೆಲ್ಲ ಬೇಯಿಸುವ ಮುಂಚಿನದು, ಪ್ರೋಟೀನ್ ಅಂದಾಜು.

- ರಾತ್ರಿ 10: 200 ಮಿಲಿ ಹಾಲಿನಲ್ಲಿ 40 ಗ್ರಾಂ ರಾಗಿ ಹಿಟ್ಟಿನ ಅಂಬಲಿ, 10 ಗ್ರಾಂ ಬೆಲ್ಲ. ಪ್ರೋಟೀನ್ 9.5 ಗ್ರಾಂ.
- ಬೆಳಗ್ಗೆ 6.30: 200 ಮಿಲಿ ಹಾಲು. 6.5 ಗ್ರಾಂ.
- 8.30: ಮೂರು ಇಡ್ಲಿ, 20 ಗ್ರಾಂ ಹುರಿಗಡಲೆ ಮತ್ತು ಸ್ವಲ್ಪ ತೆಂಗಿನಕಾಯಿ ಹಾಕಿದ ಚಟ್ನಿ. 11 ಗ್ರಾಂ.
- 11: ಉಪ್ಪು ಹಾಕದೆ ಹುರಿದ 20 ಗ್ರಾಂ ಕಡಲೆಕಾಯಿ ಬೀಜ, ಒಂದು ಲೋಟ ಮಜ್ಜಿಗೆ. 7.5 ಗ್ರಾಂ.
- ಮಧ್ಯಾಹ್ನ 1: 50 ಗ್ರಾಂ ಹಿಟ್ಟಿನ ರಾಗಿ ಮುದ್ದೆ, 50 ಗ್ರಾಂ ಅಕ್ಕಿಯ ಅನ್ನ, 35 ಗ್ರಾಂ ತೊಗರಿ ಬೇಳೆಯ ಗಟ್ಟಿ ಹುಳಿ, ಪಲ್ಯ, 100 ಗ್ರಾಂ ಮೊಸರು. 19.5 ಗ್ರಾಂ.
- 4.30: 30 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿ ಬೇಯಿಸಿದ ಉಸಲಿ. 7 ಗ್ರಾಂ.
- ರಾತ್ರಿ 8: 60 ಗ್ರಾಂ ಹಿಟ್ಟಿನ ಎರಡು ಚಪಾತಿ, 25 ಗ್ರಾಂ ಬೇಳೆ ಹಾಕಿದ ತರಕಾರಿ ಕೂಟು. 13 ಗ್ರಾಂ.

ಒಟ್ಟು 74 ಗ್ರಾಂ ಪ್ರೋಟೀನ್. ಒಗ್ಗರಣೆ, ಪಲ್ಯದ ಎಣ್ಣೆ ಸೇರಿ ಸುಮಾರು 2050 ಕ್ಯಾಲೊರಿ. ಯಾವ ಹೊತ್ತಿನಲ್ಲೂ ಪ್ರೋಟೀನ್ 20 ಗ್ರಾಂ ದಾಟಿಲ್ಲ, ಯಾವ ಹೊತ್ತೂ ಖಾಲಿ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ತೆಗೆದು ರಾಗಿ ಸ್ವಲ್ಪ ಏರಿಸಿ, ರಾತ್ರಿ ತಿಂಡಿ ಮಾತ್ರ ತೆಗೆಯಬೇಡಿ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆ ಅಂದರೆ ಸುಮಾರು 6 ಗ್ರಾಂ, ಸಂಜೆ ಉಸಲಿಯ ಜಾಗದಲ್ಲಿ ಕೊಡಬಹುದು. ಕೋಳಿ, ಮೀನು ತಿನ್ನುವವರು ಪೂರ್ತಿ ಬಿಡಬೇಕಿಲ್ಲ. ಬೇಳೆ ಕಾಳು ಮತ್ತು ಹಾಲಿನ ಪ್ರೋಟೀನನ್ನು ಎಚ್‌ಇ ರೋಗಿಗಳು ಮಾಂಸಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಬೇಳೆ ತರಕಾರಿಯ ನಾರು ಮಲವನ್ನೂ ಸಡಿಲ ಇಡುತ್ತದೆ. ಹಾಗಾಗಿ ಬುನಾದಿ ಬೇಳೆ, ಮೊಸರು ಇರಲಿ, ಮಾಂಸ ಮೇಲೋಗರದಷ್ಟು. ಈ ವಿಷಯದಲ್ಲಿ ನಮ್ಮ ಊಟ ತಾನಾಗಿಯೇ ಸರಿಯಾದ ದಾರಿಯಲ್ಲಿದೆ, ಬೇಳೆ ಬಿಡಿಸಿದಾಗಲಷ್ಟೇ ಕೆಡುವುದು.

ಅಡುಗೆ ಮನೆಯಲ್ಲಿ ಯೋಜನೆ ಸೋರಿಹೋಗುವ ಜಾಗ ಸಾರಿನ ಪಾತ್ರೆ. ಚೀಟಿಯಲ್ಲಿ "ಬೇಳೆ ಸಾರು ಒಂದು ಬಟ್ಟಲು" ಅಂತ ಬರೆದರೆ ಮನೆಯಲ್ಲಿ ಮೇಲಿನ ತಿಳಿಯನ್ನು ಬಗ್ಗಿಸಿ ಕೊಡುತ್ತಾರೆ, ಹಗುರವಾಗಿರಲಿ ಅಂತ. ಬೇಳೆ ತಳದಲ್ಲೇ ಉಳಿಯುತ್ತದೆ. ತಿಳಿಸಾರಿನಲ್ಲಿ ಹುಣಸೆ, ಮೆಣಸು, ಉಪ್ಪು ಬಿಟ್ಟರೆ ಹೇಳಿಕೊಳ್ಳುವಷ್ಟು ಪ್ರೋಟೀನ್ ಇಲ್ಲ. ಅದಕ್ಕೆ ಬಟ್ಟಲಿನ ಲೆಕ್ಕ ಬಿಡಿ, ಹಸಿ ಬೇಳೆಯ ಲೆಕ್ಕ ಬರೆಯಿರಿ. 35 ಗ್ರಾಂ ಅಂದರೆ ದೊಡ್ಡ ಚಮಚದಲ್ಲಿ ಸುಮಾರು ಮೂರು ಚಮಚ. ಅದನ್ನು ಕುಕ್ಕರಿನೊಳಗೆ ಬೇರೆ ಪುಟ್ಟ ಡಬ್ಬಿಯಲ್ಲಿ ಬೇಯಿಸಿ, ಮಸೆದು, ಮನೆಯ ಹುಳಿಯನ್ನು ಅದರ ಮೇಲೆ ಬಡಿಸಲಿ. ಹೆಂಡತಿ ಅಥವಾ ಸೊಸೆಯ ಎದುರು ಒಮ್ಮೆ ಚಮಚದಲ್ಲಿ ಅಳೆದು ತೋರಿಸಿದರೆ ಮತ್ತೆ ಹೇಳುವ ಕೆಲಸ ಇರುವುದಿಲ್ಲ.

ಉಪ್ಪಿನ ಬಗ್ಗೆ ಚುಟುಕಾಗಿ. ಹೊಟ್ಟೆ ನೀರು ಇರುವವರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ ಸಮತಟ್ಟಾಗಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಪೂರ್ತಿ ಬಿಡಬೇಕು. ನಿಂಬೆಹಣ್ಣು, ಜೀರಿಗೆ ಮೆಣಸು, ಕೊತ್ತಂಬರಿ ಧಾರಾಳ ಹಾಕಿ. ಆದರೆ ಉಪ್ಪಿಲ್ಲ ಅಂತ ತಟ್ಟೆ ದೂರ ತಳ್ಳಿದರೆ ಡಾಕ್ಟರ ಜೊತೆ ಮಾತನಾಡಿ ಸ್ವಲ್ಪ ಸಡಿಲಿಸಿ. ತಿನ್ನದ ಊಟದಿಂದ ಯಾರಿಗೂ ಉಪಯೋಗವಿಲ್ಲ. ಎಳನೀರನ್ನು ಕೇಳದೆ ಕೊಡಬೇಡಿ. ನೀರು ಇಳಿಸಲು ಸ್ಪೈರನೊಲ್ಯಾಕ್ಟೋನ್ ಅನ್ನುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಮೇಲಿರಬಹುದು, ಎಳನೀರಿನಲ್ಲಿ ಅದು ಜಾಸ್ತಿ.

## ಹೆಜ್ಜೆ 6: ಊಟದ ಚೀಟಿಯಲ್ಲೇ ಲ್ಯಾಕ್ಟುಲೋಸ್ ಬರೆಯಿರಿ

ಔಷಧಿ ಚೀಟಿಯಲ್ಲಿ ಇದೆಯಲ್ಲ ಅನ್ನಬೇಡಿ. ಮನೆಯವರು ಊಟ ಮತ್ತು ಸಿರಪ್ ಎರಡನ್ನೂ ಒಟ್ಟಿಗೆ ನೋಡಬೇಕು. ದಿನಕ್ಕೆ ಎರಡರಿಂದ ಮೂರು ಸಲ ಮೆತ್ತಗೆ ಮಲ ಹೋಗಬೇಕು, ಅದೇ ಗುರಿ. ಒಂದೇ ಸಲ ಹೋದರೆ ಸಿರಪ್ ಏರಿಸಬೇಕು. ಐದಾರು ಸಲ ನೀರಾಗಿ ಹೋದರೆ ಇಳಿಸಬೇಕು, ಇಲ್ಲದಿದ್ದರೆ ಮೈ ಒಣಗಿ ಅದರಿಂದಲೇ ಮಂಕು ಬರುತ್ತದೆ. ಎಷ್ಟು ಮಿಲಿ ಏರಿಸಬಹುದು, ಎಷ್ಟು ಇಳಿಸಬಹುದು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಗೋಡೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಮಲ ಹೋದಷ್ಟು ಸಲ ಗೀಟು ಹಾಕುವುದು ಸಾಕು, ಬೇರೆ ಪುಸ್ತಕ ಬೇಡ.

## ಹೆಜ್ಜೆ 7: ಕೆಲಸ ಮಾಡುತ್ತಿದೆಯಾ ಅಂತ ನೋಡುವುದು

ರಕ್ತದ ಅಮೋನಿಯಾ ನೋಡಿ ಬೇಳೆ ಏರಿಸುವುದು ಇಳಿಸುವುದು ಮಾಡಬೇಡಿ. ಆ ಸಂಖ್ಯೆಗೂ ಮಂಕಿನ ಮಟ್ಟಕ್ಕೂ ನೇರ ಹೊಂದಾಣಿಕೆ ಇಲ್ಲ. ರಕ್ತ ತೆಗೆದು ಐಸ್‌ನಲ್ಲಿ ಇಡದೆ ತಡಮಾಡಿದರೂ ಅದು ಸುಮ್ನೆ ಏರುತ್ತದೆ. ರೋಗಿಯನ್ನು ನೋಡಿ.

ದಿನಾ ಬೆಳಗ್ಗೆ ಒಂದೇ ಪುಸ್ತಕದಲ್ಲಿ ರುಜು ಹಾಕಿಸಿ. ಅಕ್ಷರ ಜಾರುವುದು, ಗೆರೆ ಬಿಟ್ಟು ಕೆಳಗಿಳಿಯುವುದು ಮಾತು ತೊದಲುವುದಕ್ಕೂ ಮುಂಚೆಯೇ ಕಾಣಿಸಬಹುದು. ಓದು ಬರಹ ಬಾರದವರಿಗೆ ಇನ್ನೊಂದು ದಾರಿ ಇದೆ: 60 ಸೆಕೆಂಡಿನಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಣಿಸಿ. ಇದು ನಿಜವಾದ ಪರೀಕ್ಷೆಯೇ. 15ಕ್ಕಿಂತ ಜಾಸ್ತಿ ಬಂದರೆ ನೆಮ್ಮದಿ, 10ಕ್ಕಿಂತ ಕಡಿಮೆಯಾದರೆ ಅನುಮಾನ. ವಯಸ್ಸು, ಓದಿನ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಅವರ ಚೆನ್ನಾಗಿದ್ದ ದಿನದ ಎಣಿಕೆಯ ಜೊತೆಗೇ ಹೋಲಿಸಿ.

ಸ್ನಾಯುವಿಗೆ ತಿಂಗಳಿಗೊಮ್ಮೆ ತೋಳಿನ ಟೇಪ್, ಮತ್ತೆ ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಆಗುತ್ತದಾ ಅನ್ನುವುದು. ಸ್ನಾಯು ನಿಧಾನ. ಒಂದು ತಿಂಗಳಲ್ಲಿ ಟೇಪ್ ಕದಲದಿದ್ದರೆ ಗಾಬರಿ ಬೇಡ, ಇಳಿಯದಿದ್ದರೆ ಸಾಕು. ಇಳಿದರೆ ಚೀಟಿಯನ್ನಲ್ಲ, ತಟ್ಟೆಯನ್ನು ಪರೀಕ್ಷಿಸಿ. ಸಾಮಾನ್ಯವಾಗಿ ಹನ್ನೊಂದು ಗಂಟೆಯ ಬೀಜ ಮತ್ತು ರಾತ್ರಿಯ ಅಂಬಲಿ ಸದ್ದಿಲ್ಲದೆ ನಿಂತುಹೋಗಿರುತ್ತವೆ. ಇನ್ನೊಂದು ಸೋರಿಕೆ ಆಸ್ಪತ್ರೆಯಲ್ಲೇ ಆಗುವುದು. ಎಂಡೋಸ್ಕೋಪಿಗೆ ಒಂದು ದಿನ, ಸ್ಕ್ಯಾನಿಗೆ ಇನ್ನೊಂದು ದಿನ, ಖಾಲಿ ಹೊಟ್ಟೆಯಲ್ಲಿ ಮಧ್ಯಾಹ್ನದ ತನಕ ಕೂರಿಸುವುದು. ಬೆಳಗ್ಗಿನ ಮೊದಲ ಸರದಿ ಕೇಳಿ ಪಡೆಯಿರಿ. ಹಿಂದಿನ ರಾತ್ರಿ ಎಷ್ಟು ಹೊತ್ತಿನ ತನಕ ತಿನ್ನಬಹುದು ಅಂತಲೂ ಕೇಳಿ. ಪರೀಕ್ಷೆ ಮುಗಿದು ತಿನ್ನಬಹುದು ಅಂದ ಕೂಡಲೇ ಕೊಡಲು ತಿಂಡಿ ಜೊತೆಯಲ್ಲಿರಲಿ.

## ಊಟದ ಮೇಲೂ ಮಂಕು ಬಂದರೆ

ಬರುತ್ತದೆ, ಸಿರೋಸಿಸ್ ಇರುವಷ್ಟು ದಿನ ಆ ಸಾಧ್ಯತೆ ಇದ್ದೇ ಇದೆ. ಆಗ ಮತ್ತೆ ಹೆಜ್ಜೆ 1ಕ್ಕೆ ಹೋಗಿ: ಮಲ, ಸೋಂಕು, ರಕ್ತ, ಸೋಡಿಯಂ, ಮಾತ್ರೆ. ಇವುಗಳಲ್ಲಿ ಒಂದಾದರೂ ಸಿಗುವುದೇ ಹೆಚ್ಚು. ಕಾರಣ ಏನೂ ಸಿಗದೆ, ಪ್ರೋಟೀನ್ ಏರಿಸಿದಾಗಲೆಲ್ಲ ಮಂಕು ಬರುವವರು ತೀರಾ ಅಪರೂಪ. ಅಂಥವರಲ್ಲಿ ಲಿವರಿನೊಳಗೆ ಹೋಗದೆ ಪಕ್ಕದಿಂದ ದಾಟಿಹೋಗುವ ದೊಡ್ಡ ಅಡ್ಡದಾರಿ ರಕ್ತನಾಳ ಇದೆಯಾ ಅಂತ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಅವರಿಗೂ ಮೊದಲು ಮಾಡುವುದು ಪ್ರೋಟೀನಿನ ಜಾತಿ ಬದಲಾಯಿಸುವುದು. ಮಾಂಸ ತೆಗೆದು ಹಾಲು, ಬೇಳೆ ಏರಿಸಿ. ಅದೂ ಸಾಲದಿದ್ದರೆ ಬಿಸಿಎಎ ಪುಡಿ, ಅಂದರೆ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಮೂರು ಅಮೈನೋ ಆಮ್ಲಗಳ ಮಿಶ್ರಣ. ಕೆಜಿಗೆ 0.25 ಗ್ರಾಂ, ನಮ್ಮ ರೋಗಿಗಾದರೆ ದಿನಕ್ಕೆ 14 ಗ್ರಾಂ. ಎಚ್‌ಇ ಲಕ್ಷಣ ಇಳಿಸುತ್ತದೆ ಅನ್ನಲು ಆಧಾರ ಇದೆ, ಆಯಸ್ಸು ಹೆಚ್ಚಿಸುತ್ತದೆ ಅನ್ನಲು ಇಲ್ಲ. ಬೆಲೆ ಜಾಸ್ತಿ, ರುಚಿ ಕಹಿ. ಹಾಲು ಬೇಳೆಗೆ ಕತ್ತರಿ ಹಾಕಿ ಆ ದುಡ್ಡಲ್ಲಿ ಡಬ್ಬಿ ತರುವುದು ನನ್ನ ಪ್ರಕಾರ ನಷ್ಟದ ವ್ಯಾಪಾರ. ಊಟ ಪೂರ್ತಿ ಇದ್ದು, ಅದರ ಮೇಲೆ ಪುಡಿ. ಡಾಕ್ಟರೇ ಸ್ವಲ್ಪ ದಿನ ಪ್ರೋಟೀನ್ ಇಳಿಸಿದರೆ, ಮತ್ತೆ ಏರಿಸುವ ತಾರೀಖನ್ನು ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ತಾರೀಖು ಇಲ್ಲದ ಪಥ್ಯ ವರ್ಷಗಟ್ಟಲೆ ನಡೆಯುತ್ತದೆ.

## ಚೀಟಿಯ ಮೇಲೆ ಬರೆಯುವ ಮಾತು

ಊಟದ ಪಟ್ಟಿಯ ತಲೆಯ ಮೇಲೆ, ದಪ್ಪ ಅಕ್ಷರದಲ್ಲಿ, ಹೀಗೆ ಬರೆಯಿರಿ:

"ಬೇಳೆ, ಹಾಲು, ಮೊಸರು ನಿಲ್ಲಿಸಬಾರದು. ದಿನಕ್ಕೆ 73 ಗ್ರಾಂ ಪ್ರೋಟೀನ್, 2000 ಕ್ಯಾಲೊರಿ. ಲೆಕ್ಕ ಹಾಕಿದ ತೂಕ 56 ಕೆಜಿ. ರಾತ್ರಿ 10ರ ಅಂಬಲಿ ತಪ್ಪಿಸಬಾರದು. ದಿನಕ್ಕೆ 2-3 ಸಲ ಮಲ ಹೋಗಬೇಕು. ಮಂಕಾದರೆ, ಜ್ವರ ಬಂದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ. ನಿದ್ದೆ ಮಾತ್ರೆ ಬೇಡ."

ಕೆಳಗೆ ಡಾಕ್ಟರ ರುಜು ಇರಲಿ. ಮನೆಗೆ ನೋಡಲು ಬಂದ ದೊಡ್ಡಪ್ಪ "ಲಿವರಿಗೆ ಬೇಳೆ ಕೊಡ್ತೀರಾ?" ಅಂತ ಕೇಳಿದಾಗ ಸೊಸೆಗೆ ತೋರಿಸಲು ಏನಾದರೂ ಬೇಕಲ್ಲ. ಕಿಡ್ನಿಯೂ ಕೆಟ್ಟಿರುವವರಿಗೆ ಈ ಸಂಖ್ಯೆ ಬದಲಾಗಬಹುದು, ಅದನ್ನು ಎರಡೂ ವಿಭಾಗದ ಡಾಕ್ಟರರು ಕೂತು ತೀರ್ಮಾನಿಸಬೇಕು.

ಹೊಟ್ಟೆ ನೀರು ತೆಗೆಸಿದ ಮೇಲೆ ಅಥವಾ ಕಾಲೂತ ಇಳಿದ ಮೇಲೆ ಮತ್ತೆ ತೂಕ ನೋಡಿ ಲೆಕ್ಕ ಹೊಸದಾಗಿ ಹಾಕಿ. 66 ಇದ್ದ ತಕ್ಕಡಿ 58 ತೋರಿಸಿದರೆ ರೋಗಿ ಸೊರಗಿದರು ಅಂತ ಅರ್ಥವಲ್ಲ. ತೋಳಿನ ಟೇಪ್ ಅಷ್ಟೇ ಇದ್ದರೆ ಹೋಗಿದ್ದು ನೀರು, ಚೀಟಿ ಹಾಗೇ ಮುಂದುವರಿಯಲಿ.